ಗೋಡೆ ಕ್ಯಾಲೆಂಡರ್‌ನಲ್ಲಿ ಚುಕ್ಕಿ ಹಾಕಿಸಿ ಸ್ತನದ ನೋವು ವಿಂಗಡಿಸಿದ್ದು: ನನ್ನ ಅನುಭವ

ತಾಲ್ಲೂಕು ಊರಲ್ಲಿ ಪ್ರಾಕ್ಟೀಸ್ ಮಾಡೋರಿಗೆ ಇದು ಗೊತ್ತಿರುತ್ತೆ, ಹೆಂಗಸರು "ಮೊಲೆ ನೋವು" ಅಂತ ಬಾಯಿಬಿಟ್ಟು ಹೇಳಲ್ಲ, "ಎದೆ ನೋವು ಮೇಡಂ" ಅಂತಾರೆ, ಕೌಂಟರ್‌ನಲ್ಲಿ ಕೂತ ಹುಡುಗಿ ನೇರ ಇಸಿಜಿಗೆ ಕಳಿಸ್ತಾಳೆ. ನಮ್ಮಲ್ಲೇ ಹೀಗೆ ಎಷ್ಟು ಜನರ ಇನ್ನೂರು ಮುನ್ನೂರು ರೂಪಾಯಿ ಹೋಯ್ತೋ. ಈಗ ಮೊದಲ ಪ್ರಶ್ನೆನೇ "ಮುಟ್ಟಿಗೆ ಮುಂಚೆ ಜಾಸ್ತಿ ಆಗುತ್ತಾ?" ಅಂತ ಇಟ್ಟಿದೀನಿ.

ನೋವಿನ ಚಾರ್ಟ್ ಬಗ್ಗೆ ಎಲ್ಲರೂ ಓದಿರ್ತೀವಿ, ಮಾಡಿಸೋರು ಕಡಿಮೆ. ನಾನು ಶುರು ಮಾಡಿದಾಗ ಇಂಗ್ಲಿಷ್ ಚಾರ್ಟ್ ಐನೂರು ಕಾಪಿ ಪ್ರಿಂಟ್ ಹಾಕಿಸಿ ಸುಮಾರು ಎರಡು ಸಾವಿರ ಖರ್ಚು ಮಾಡಿದೆ, ತುಂಬಿಸಿ ವಾಪಸ್ ತಂದವರು ಬೆರಳೆಣಿಕೆ. ಜೊತೆ ಡಾಕ್ಟರುಗಳು "ನಮ್ಮ ಹೆಂಗಸರ ಕೈಲಿ ಇದೆಲ್ಲ ಆಗಲ್ಲ, ಸ್ಕ್ಯಾನ್ ಬರೆದುಬಿಡು" ಅಂದ್ರು. ಆಮೇಲೆ ಹೊಳೀತು, ಮನೇಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲಾ ಗೋಡೆ ಕ್ಯಾಲೆಂಡರ್ ಮೇಲೇ ಬರೀತಾರಲ್ಲ, ಅದರಲ್ಲೇ ಹಾಕಿಸಿದ್ರೆ? ನೋವು ಜಾಸ್ತಿ ಇದ್ರೆ ದೊಡ್ಡ ಚುಕ್ಕಿ, ಸ್ವಲ್ಪ ಇದ್ರೆ ಸಣ್ಣದು, ಮುಟ್ಟಾದ ದಿನಕ್ಕೆ ಗೆರೆ. ಎರಡು ತಿಂಗಳು ಹಾಕಿ ಹಾಳೆ ತರೋದು. ಈಗ ಹತ್ತರಲ್ಲಿ ಏಳೆಂಟು ಜನ ತರ್ತಾರೆ. ಮರೆಯದ ಹಾಗೆ ಏನು ಹೇಳಿ ಕಳಿಸ್ತೀನಿ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ.

ಒಂದು ಕೇಸ್ ಹೇಳ್ತೀನಿ. ಮೂವತ್ತಾರು ವಯಸ್ಸಿನ ಟೈಲರ್, ಎರಡೂ ಕಡೆ ಕಂಕುಳ ಹತ್ರದ ಮೇಲ್ಭಾಗ ಭಾರ, ಮಷಿನ್ ತುಳಿಯೋಕೂ ಆಗಲ್ಲ ಅಂತ ಬಂದ್ರು, ಒಂದೇ ವರ್ಷದಲ್ಲಿ ಬೇರೆ ಕಡೆ ಮೂರು ಸಲ ಸ್ಕ್ಯಾನ್ ಮಾಡಿಸಿದ್ರು, ಸಲಕ್ಕೆ ಸಾವಿರದ ಮೇಲೆ, ಮೂರೂ ನಾರ್ಮಲ್. ನಾನು ಮುಟ್ಟು ಮುಗಿದ ವಾರದಲ್ಲಿ ಕರೆಸಿ ಕೈಯಲ್ಲಿ ನೋಡಿದೆ, ಯಾಕಂದ್ರೆ ಮುಟ್ಟಿನ ಮುಂಚೆ ನೋಡಿದ್ರೆ ಗಂಟುಗಂಟಾಗಿ ಸಿಕ್ಕಿ ನಾವೇ ಹೆದರಿಬಿಡ್ತೀವಿ. ಪಕ್ಕಕ್ಕೆ ಮಲಗಿಸಿದಾಗ ಸ್ತನ ಸರಿದು ಬರೀ ಪಕ್ಕೆಲುಬು ಬೆರಳಿಗೆ ಸಿಗುತ್ತೆ, ಅಲ್ಲಿ ಒತ್ತಿದ್ರೂ ನೋವಿಲ್ಲ, ಅಂದ್ರೆ ಎಲುಬಿನ ನೋವೂ ಅಲ್ಲ. ಹಾಳೆ ಬಂದಾಗ ಎರಡೂ ತಿಂಗಳು ಮುಟ್ಟಿಗೆ ಒಂಬತ್ತು ಹತ್ತು ದಿನ ಮುಂಚೆ ದೊಡ್ಡ ಚುಕ್ಕಿ ಶುರು, ಗೆರೆಯಾದ ಎರಡನೇ ದಿನಕ್ಕೆ ಖಾಲಿ. ಮುಟ್ಟಿನ ಜೊತೆ ಏರಿ ಇಳಿಯೋ ನೋವು ಅಂತ ಅಲ್ಲೇ ಗೊತ್ತಾಯ್ತು, ಅದಕ್ಕೆ ಸ್ಕ್ಯಾನ್ ಬರೀಲಿಲ್ಲ. ಒಳ್ಳೆ ಅಳತೆಯ ಬ್ರಾ, ಆ ದಿನಗಳಲ್ಲಿ ರಾತ್ರಿನೂ ಹಾಕೋದು, ಡೈಕ್ಲೋಫೆನಾಕ್ ಜೆಲ್ ದಿನಕ್ಕೆ ಮೂರು ಸಲ. ಮೂರನೇ ತಿಂಗಳಿಗೆ ದೊಡ್ಡ ಚುಕ್ಕಿ ಮೂರಕ್ಕಿಳೀತು. ಅವರಿಗೆ ಜೆಲ್‌ಗಿಂತ ಹೆಚ್ಚು ಸಮಾಧಾನ ಕೊಟ್ಟಿದ್ದು ಆ ಹಾಳೆ ಅಂತ ನನಗನ್ಸುತ್ತೆ, ಕಣ್ಣಿಗೇ ಕಾಣುತ್ತಲ್ಲ.

ಈ ಹಾಳೆ ಇಲ್ಲದ ಕಾಲದಲ್ಲಿ ನಾನು ಮಾಡಿದ ತಪ್ಪು ಇನ್ನೂ ಚುಚ್ಚುತ್ತೆ. ನಲವತ್ತಮೂರರ ಒಬ್ಬರು, ಎಡಗಡೆ ಒಂದೇ ಜಾಗ, ಬೆರಳಿಟ್ಟು ತೋರಿಸಿದ್ರು, ತಿಂಗಳಿಡೀ ನೋವು. ಗಂಟು ಸಿಗಲಿಲ್ಲ. ಹಾರ್ಮೋನ್ ಅಂತ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಕ್ಯಾಪ್ಸೂಲ್ ಕೊಟ್ಟು ಕಳಿಸಿದೆ, ತಿಂಗಳಿಗೆ ನಾಲ್ಕೈದು ನೂರು ಅವರ ಖರ್ಚು. ಮೂರು ತಿಂಗಳಾದ್ಮೇಲೆ ಅದೇ ಜಾಗದಲ್ಲಿ ಗಂಟು ಸಿಕ್ತು, ಬಯಾಪ್ಸಿಲಿ ಕ್ಯಾನ್ಸರ್. ಆಪರೇಷನ್ ಆಗಿ ಈಗ ಫಾಲೋಅಪ್‌ನಲ್ಲಿದಾರೆ. ನೋವೊಂದೇ ಇದ್ದು ಕ್ಯಾನ್ಸರ್ ಸಿಗೋದು ಬಹಳ ಅಪರೂಪ, ನಿಜ, ಆದ್ರೆ ಬೆರಳಿಟ್ಟು ತೋರಿಸೋ ಒಂದೇ ಜಾಗ, ಮುಟ್ಟಿಗೂ ಅದಕ್ಕೂ ಸಂಬಂಧ ಇಲ್ಲ ಅಂದ್ರೆ ಈಗ ನಾನು ಚುಕ್ಕಿಗೆ ಕಾಯಲ್ಲ. ಮೂವತ್ತರ ಒಳಗೆ ಅಲ್ಟ್ರಾಸೌಂಡ್, ನಲವತ್ತರ ಮೇಲೆ ಮ್ಯಾಮೋಗ್ರಾಂ ಜೊತೆ ಅಲ್ಟ್ರಾಸೌಂಡ್, ನಡುವಿನವರಿಗೆ ಅಲ್ಟ್ರಾಸೌಂಡ್‌ನಿಂದ ಶುರು ಮಾಡಿ ಬೇಕಾದ್ರೆ ಮ್ಯಾಮೋಗ್ರಾಂ. ಗಂಟು, ತೊಟ್ಟಿಂದ ರಕ್ತ, ತೊಟ್ಟು ಒಳಗೆ ಎಳೆದಿರೋದು, ಚರ್ಮ ಗುಳಿಬಿದ್ದಿರೋದು ಇದ್ರೆ ನೋವಿನ ಲೆಕ್ಕನೇ ಬೇಡ, ಅವತ್ತೇ ಬರೆಯೋದು. ಮುಟ್ಟು ತಪ್ಪಿದ್ರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್.

ಆ ಎಣ್ಣೆ ಕ್ಯಾಪ್ಸೂಲ್ ನಾನು ಬಿಟ್ಟೇಬಿಟ್ಟೆ, ಟ್ರಯಲ್‌ಗಳಲ್ಲೂ ಸುಳ್ಳು ಮಾತ್ರೆಗಿಂತ ಮೇಲೇನೂ ಕಾಣಲಿಲ್ಲ. ಕಾಫಿ ಬಿಡಿಸಿ ನೋಡಿದೆ, ಚುಕ್ಕಿ ಬದಲಾಗಲಿಲ್ಲ, ಹೆಂಗಸರು ಮಾತ್ರ ಬೇಜಾರಾದ್ರು. ಜೆಲ್‌ಗೆ ಬಗ್ಗದವರಿಗೆ ಓರ್ಮೆಲಾಕ್ಸಿಫೀನ್ ಕೊಟ್ಟಿದೀನಿ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಸಿಡಿಆರ್‌ಐನಲ್ಲಿ ಕಂಡುಹಿಡಿದಿದ್ದು, ಸಹೇಲಿ ಅಂತ ಗರ್ಭ ತಡೆಗೆ ಬರುತ್ತಲ್ಲ ಅದೇ. ನೋವು ಇಳಿಯುತ್ತೆ, ಆದ್ರೆ ಮುಟ್ಟು ಮುಂದಕ್ಕೆ ಹೋಗಿ ಕ್ಯಾಲೆಂಡರ್ ಲೆಕ್ಕ ಪೂರ್ತಿ ಕೆಡುತ್ತೆ, ಅದಕ್ಕೆ ಹಾಳೆ ಕೈಗೆ ಬಂದ್ಮೇಲೇ ಶುರು ಮಾಡ್ತೀನಿ.

ಗರ್ಭಕೋಶ ತೆಗೆಸಿಕೊಂಡವರ ಹತ್ರ ಈ ಲೆಕ್ಕ ನಡೆಯಲ್ಲ ಅಂದ್ಕೊಂಡಿದ್ದೆ, ಗೆರೆ ಹಾಕೋಕೆ ಮುಟ್ಟೇ ಇಲ್ವಲ್ಲ. ಹೋದ ವರ್ಷ ಮೂವತ್ತೆಂಟರ ಒಬ್ಬರಿಗೆ ಬರೀ ಚುಕ್ಕಿ ಹಾಕಿಸಿದೆ, ಮೂರು ತಿಂಗಳು. ಹೆಚ್ಚುಕಮ್ಮಿ ನಾಲ್ಕು ವಾರಕ್ಕೊಮ್ಮೆ ದೊಡ್ಡ ಚುಕ್ಕಿಗಳ ಗುಂಪು ಬಂದಿತ್ತು, ಅಂಡಾಶಯ ಇನ್ನೂ ತನ್ನ ಲೆಕ್ಕ ಇಟ್ಕೊಂಡೇ ಇತ್ತು.