ಬೀಜದ ದರ ಏರಿದರೆ ಕಂತು ಕಟ್ಟಲಾದೀತೇ? ಮೊದಲೇ ಲೆಕ್ಕ ಹಾಕುವ ಬಗೆ

ಬ್ಯಾಂಕ್ ಸಾಲಕ್ಕೆ ಕೊಡುವ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಸಾಮಾನ್ಯವಾಗಿ ಒಂದೇ ಲೆಕ್ಕವಿರುತ್ತದೆ, ಅದರಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆ ಲೆಕ್ಕ ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದೇ ಸೆನ್ಸಿಟಿವಿಟಿ ಅನಾಲಿಸಿಸ್. ಕಡಲೆಕಾಯಿ ಎಣ್ಣೆಯ ಗಾಣವೊಂದರ ಉದಾಹರಣೆ ನೋಡೋಣ. ದರಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮೂರಿನ ದರ ಹಾಕಿಕೊಳ್ಳಿ.

ಮೊದಲು ಮೂಲ ಲೆಕ್ಕ. ತಿಂಗಳಿಗೆ 1,000 ಲೀಟರ್ ಮಾರಾಟ, ಲೀಟರಿಗೆ 350 ರೂಪಾಯಿ. ಒಂದು ಲೀಟರಿಗೆ ಎರಡೂವರೆ ಕೆ.ಜಿ. ಬೀಜ ಬೇಕು, ಕೆ.ಜಿ.ಗೆ 120ರಂತೆ 300 ರೂಪಾಯಿ. ಬಾಟಲಿಗೆ 10 ಹೋಗುತ್ತದೆ, ಹಿಂಡಿಯಿಂದ 50 ಬರುತ್ತದೆ. ಉಳಿಯುವುದು ಲೀಟರಿಗೆ 90, ತಿಂಗಳಿಗೆ 90,000. ಬಾಡಿಗೆ, ಸಂಬಳ, ಕರೆಂಟಿಗೆ 50,000 ಕಳೆದರೆ 40,000. ಸಾಲದ ಕಂತು 25,000 ಕಟ್ಟಿದ ಮೇಲೆ ಕೈಯಲ್ಲಿ 15,000.

ಎಕ್ಸೆಲ್‌ನಲ್ಲಿ ಪ್ರತಿ ಅಂಕಿಗೂ ಬೇರೆ ಸೆಲ್ ಕೊಡಿ. 120 ಎಂಬುದನ್ನು ಸೂತ್ರದೊಳಗೇ ಬರೆದುಬಿಟ್ಟರೆ ಮುಂದಿನ ಹೆಜ್ಜೆಯಲ್ಲಿ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಈಗ ಒಂದೊಂದನ್ನೇ, ಉಳಿದದ್ದು ಮುಟ್ಟದೆ, ಶೇ 10ರಷ್ಟು ಕೆಡಿಸಿ ನೋಡಿ. ಬಾಡಿಗೆ, ಸಂಬಳ ಏರಿದರೆ 5,000 ನಷ್ಟ. ಮಾರಾಟ 900 ಲೀಟರಿಗೆ ಇಳಿದರೆ 9,000. ಎರಡನ್ನೂ ತಡೆದುಕೊಳ್ಳಬಹುದು. ಬೀಜದ ದರ ಏರಿದರೆ ಮಾತ್ರ ಒಮ್ಮೆಗೇ 30,000 ಹೋಗುತ್ತದೆ, ಕಂತಿಗೇ 15,000 ಕೊರತೆ ಬೀಳುತ್ತದೆ. ಎಣ್ಣೆಯ ದರ ಇಳಿದರೆ ಇನ್ನೂ ಹೆಚ್ಚು, 35,000. ಗಿರಾಕಿ ಬರುತ್ತಾರೋ ಇಲ್ಲವೋ ಎಂದು ನಿದ್ದೆಗೆಡುವವರು ನೋಡಬೇಕಾದದ್ದು ಬೀಜದ ದರಕ್ಕೂ ಎಣ್ಣೆಯ ದರಕ್ಕೂ ನಡುವಿನ ಅಂತರವನ್ನು.

ತಿರುವಿ ಕೇಳಿ: ಬೀಜ ಎಷ್ಟಾದರೆ ಕೈ ಖಾಲಿ? ಉಳಿಯುವ 15,000ವನ್ನು ತಿಂಗಳಿಗೆ ಬೇಕಾದ 2,500 ಕೆ.ಜಿ.ಯಿಂದ ಭಾಗಿಸಿದರೆ 6 ರೂಪಾಯಿ. ಅಂದರೆ 126ಕ್ಕೇ ಉಳಿಕೆ ಸೊನ್ನೆ. ಇಡೀ ರಿಪೋರ್ಟಿನಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇಲ್ಲ.

ಆದರೆ ಬೀಜದ ದರ ಒಂಟಿಯಾಗಿ ಏರುವುದಿಲ್ಲ. ಮಳೆ ಕೈಕೊಟ್ಟು ಬೆಳೆ ಕಡಿಮೆಯಾದರೆ ಬೀಜ ತುಟ್ಟಿಯಾಗುತ್ತದೆ, ನೀವೂ ಎಣ್ಣೆಯ ದರ ಏರಿಸುತ್ತೀರಿ, ಆಗ ಕೆಲವರು ಪ್ಯಾಕೆಟ್ ಎಣ್ಣೆಗೆ ಹೋಗುತ್ತಾರೆ. ಹೀಗಾಗಿ ಕೆಟ್ಟ ಸ್ಥಿತಿ ಬರೆಯುವಾಗ ಮೂರನ್ನೂ ಒಟ್ಟಿಗೆ ಬದಲಿಸಿ: ಬೀಜ 132, ಎಣ್ಣೆ 370, ಮಾರಾಟ 850 ಲೀಟರ್. ಖರ್ಚು ಕಳೆದು ಸಿಗುವುದು 18,000. ಕಂತಿಗೆ 7,000 ಕೊರತೆ. ಒಳ್ಳೆಯ ಸ್ಥಿತಿಯೂ ಹಾಗೆಯೇ: ಬೀಜ 112, ಎಣ್ಣೆ 345, ಮಾರಾಟ 1,100 ಆದರೆ ಕಂತು ಕಟ್ಟಿ 40,500 ಉಳಿಯುತ್ತದೆ. ಎಲ್ಲ ಅಂಕಿಗೂ ಕಣ್ಣುಮುಚ್ಚಿ ಶೇ 10 ಸೇರಿಸಿ, ಕಳೆದು ಮೂರು ಕಾಲಂ ತುಂಬಿಸಿದರೆ ಈ ನಂಟು ಕಾಣುವುದೇ ಇಲ್ಲ.

ಕೆಟ್ಟ ಸ್ಥಿತಿ ಎಷ್ಟು ತಿಂಗಳು ಎಂಬುದನ್ನೂ ಬರೆಯಿರಿ. ಹೊಸ ಬೆಳೆ ಬರಲು ನಾಲ್ಕು ತಿಂಗಳಿದ್ದರೆ 28,000 ರೂಪಾಯಿ ಬೇರೆ ತೆಗೆದಿಟ್ಟಿರಬೇಕು. ಸುಗ್ಗಿಯಲ್ಲೇ ಬೀಜ ಕೊಂಡಿಡುವುದು ಇನ್ನೊಂದು ದಾರಿ. ಅದಕ್ಕೆ ತರುವ ಸಾಲದ ಬಡ್ಡಿಯನ್ನು ಹೊಸ ಸೆಲ್‌ನಲ್ಲಿ ಹಾಕಿ, 126ರ ಗಡಿ ಎಲ್ಲಿಗೆ ಸರಿಯಿತೆಂದು ಮತ್ತೆ ಲೆಕ್ಕ ಹಾಕಿ.