ಎರಡು ಸಿಮ್ಮಿಗೆ ಕೆಲಸ ಹಂಚಿದ್ದು ಹೀಗೆ

ರಾಜಾಜಿನಗರದಲ್ಲಿ ನನ್ನದು ಯುಪಿಎಸ್, ಇನ್ವರ್ಟರ್ ಬ್ಯಾಟರಿ ರಿಪೇರಿ ಅಂಗಡಿ. ಅರ್ಧ ದಿನ ಅಂಗಡಿಯಲ್ಲಿದ್ದರೆ ಉಳಿದರ್ಧ ಬೈಕಿನ ಮೇಲೆ. ಒಂದೇ ಫೋನಿನಲ್ಲಿ ಎರಡು ನಂಬರ್ ಇಟ್ಟುಕೊಂಡಿದ್ದೇನೆ. ಹಳೆಯದು ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗು, ನೆಂಟರಿಷ್ಟರಿಗೆಲ್ಲ ಕೊಟ್ಟಿರುವುದು. ಇನ್ನೊಂದು ಅಂಗಡಿಯ ಬೋರ್ಡಿನ ಮೇಲೂ, ನಾನು ಹಾಕಿಕೊಟ್ಟ ಪ್ರತಿ ಬ್ಯಾಟರಿಗೆ ಅಂಟಿಸುವ ಸ್ಟಿಕ್ಕರಿನ ಮೇಲೂ ಇರುವುದು. ಸೆಟ್ಟಿಂಗಿನಲ್ಲಿ ಕಾಲ್, ಮೆಸೇಜು, ಡೇಟಾ ಮೂರಕ್ಕೂ ಬೇರೆ ಬೇರೆಯಾಗಿ ಸಿಮ್ ಆರಿಸಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತು. ಯಾವುದನ್ನು ಯಾವುದಕ್ಕೆ ಕೊಡಬೇಕು ಅನ್ನುವಲ್ಲಿ ತಡವರಿಸುತ್ತಾರೆ. ನಾನು ಹಂಚಿಕೊಂಡ ರೀತಿ ಇಲ್ಲಿದೆ.

ಮೊದಲು ಒಂದು ಮಾತು. ಈ ಆಯ್ಕೆಗಳೆಲ್ಲ ನಮ್ಮ ಫೋನಿನಿಂದ ಹೊರಗೆ ಹೋಗುವುದಕ್ಕೆ ಮಾತ್ರ ಸಂಬಂಧಪಟ್ಟವು. ಒಳಗೆ ಬರುವ ಕಾಲು, ಒಟಿಪಿ ಯಾವ ನಂಬರಿಗೆ ಕಳಿಸಿದ್ದಾರೋ ಅದಕ್ಕೇ ಬರುತ್ತದೆ. ಮೆಸೇಜಿಗೆ ಅಂಗಡಿ ಸಿಮ್ ಆರಿಸಿದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ ಅಂತ ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಹೆದರಿಕೊಂಡಿದ್ದರು, ಹಾಗೇನೂ ಆಗುವುದಿಲ್ಲ. ವಾಟ್ಸಾಪ್ ಕೂಡ ಅಷ್ಟೆ. ಅದು ಯಾವ ನಂಬರಿನಲ್ಲಿ ಶುರುವಾಗಿದೆಯೋ ಆ ನಂಬರಿನದೇ ಆಗಿ ಉಳಿಯುತ್ತದೆ, ಡೇಟಾ ಯಾವ ಸಿಮ್ಮಿನದಾದರೂ ಸರಿ, ವೈಫೈ ಆದರೂ ಸರಿ.

ಎಲ್ಲಿ ಹುಡುಕಬೇಕು ಅಂದರೆ, ಸ್ಯಾಮ್‌ಸಂಗ್‌ನಲ್ಲಿ Settings ಒಳಗೆ Connections, ಅದರಲ್ಲಿ SIM manager. ಬೇರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ Network & internet ಒಳಗೆ SIMs ಅಂತ ಇರುತ್ತದೆ. ಕಂಪನಿ ಬದಲಾದರೆ ಹೆಸರೂ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗಿನ ಮೇಲಿರುವ ಹುಡುಕುವ ಜಾಗದಲ್ಲಿ SIM ಅಂತ ಹಾಕಿದರೆ ಸಾಕು. ಅಲ್ಲಿಗೆ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಸಿಮ್ಮುಗಳಿಗೆ ಹೆಸರಿಟ್ಟಿದ್ದು: ಒಂದು ‘ಮನೆ’, ಒಂದು ‘ಅಂಗಡಿ’. ಕಂಪನಿಯ ಹೆಸರೇ ಇದ್ದರೆ, ಅದರಲ್ಲೂ ಎರಡೂ ಒಂದೇ ಕಂಪನಿಯದಾದರೆ, ಕಾಲ್ ಬಂದಾಗ ಯಾವುದಕ್ಕೆ ಬಂತು ಅಂತ ತಿಳಿಯುವುದೇ ಇಲ್ಲ.

ಕಾಲಿಗೆ ಅಂಗಡಿ ಸಿಮ್ ಇಟ್ಟೆ. ಕಾರಣ ಗಿರಾಕಿಗಳು. ಕಾಲಿಗೆ ಒಂದು ಸಿಮ್ ಗೊತ್ತುಮಾಡಿದರೆ ನನ್ನ ಫೋನು ಮಿಸ್ಡ್ ಕಾಲಿಗೆ ವಾಪಸ್ ಮಾಡುವಾಗಲೂ ಅದನ್ನೇ ಬಳಸುತ್ತದೆ, ಕಾಲ್ ಬಂದದ್ದು ಯಾವ ನಂಬರಿಗಾದರೂ ಸರಿ. ಮನೆ ಸಿಮ್ ಇಟ್ಟಿದ್ದರೆ ಅಂಗಡಿ ನಂಬರಿಗೆ ಮಾಡಿದ ಗಿರಾಕಿಗೆ ಮನೆ ನಂಬರಿನಿಂದ ವಾಪಸ್ ಹೋಗುತ್ತದೆ. ಅವರು ಅದನ್ನೇ ಉಳಿಸಿಕೊಳ್ಳುತ್ತಾರೆ. ಆಮೇಲೆ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ‘ಇನ್ವರ್ಟರ್ ಬೀಪ್ ಅಂತಿದೆ’ ಅಂತ ಮನೆ ನಂಬರಿಗೇ ಕಾಲ್. ಪ್ರತಿ ಸಲ ಕೇಳು ಅನ್ನುವ Ask every time ಆಯ್ಕೆಯೂ ಇದೆ. ಕಡಿಮೆ ಕಾಲ್ ಮಾಡುವವರಿಗೆ ಅದು ಒಳ್ಳೆಯದು, ನನ್ನಂಥವರಿಗೆ ಬೇಸರ. ಮನೆಯವರಿಗೆ ಮನೆ ನಂಬರಿನಿಂದಲೇ ಹೋಗಬೇಕಾದರೆ ಬೇರೆ ದಾರಿಯಿದೆ. ಕೆಲವು ಫೋನುಗಳಲ್ಲಿ ಸಿಮ್ ಕೇಳುವ ಕಿಟಕಿಯಲ್ಲೇ, ಈ ನಂಬರಿಗೆ ಯಾವಾಗಲೂ ಇದೇ ಸಿಮ್ ಇರಲಿ ಅನ್ನುವ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಆಯಿತು. ಐಫೋನಿನಲ್ಲಿ ಇದನ್ನು ಕಾಂಟ್ಯಾಕ್ಟಿನ ಒಳಗೇ ಗೊತ್ತುಮಾಡಬಹುದು.

ಡೇಟಾ ವಿಷಯಕ್ಕೆ ಬಂದರೆ, ಯಾವುದರಲ್ಲಿ ಪ್ಯಾಕ್ ಅಗ್ಗವೋ ಅದಕ್ಕೆ ಕೊಡುವುದು ರೂಢಿ. ನಾನು ನೋಡಿದ್ದು ಬೇರೆ ಲೆಕ್ಕ: ಯಾವ ಸಿಮ್ಮಿನಲ್ಲಿ ಹೆಚ್ಚು ಮಾತಾಡುತ್ತೇನೋ ಅದರಲ್ಲೇ ಡೇಟಾ ಇರಬೇಕು. ಸಾಧಾರಣ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಎರಡೂ ಸಿಮ್ ಎಚ್ಚರವಾಗಿ ಕಾಯುತ್ತಿರುತ್ತವೆ, ಆದರೆ ಒಂದರಲ್ಲಿ ಮಾತು ಶುರುವಾದರೆ ಇನ್ನೊಂದು ಸುಮ್ಮನಾಗಿಬಿಡುತ್ತದೆ. ರೇಡಿಯೊ ಭಾಗವನ್ನು ಎರಡೂ ಹಂಚಿಕೊಂಡಿರುವುದೇ ಇದಕ್ಕೆ ಕಾರಣ. ಮನೆ ಸಿಮ್ಮಿನಲ್ಲಿ ಡೇಟಾ ಇಟ್ಟು ಅಂಗಡಿ ಸಿಮ್ಮಿನಲ್ಲಿ ಮಾತಾಡಿದರೆ, ಮಾತು ಮುಗಿಯುವವರೆಗೆ ನೆಟ್ ನಿಂತಿರುತ್ತದೆ. ಗಿರಾಕಿ ‘ಲೊಕೇಶನ್ ಕಳಿಸಿದೀನಿ, ನೋಡಿ’ ಅಂತ ಲೈನಿನಲ್ಲೇ ಇರುತ್ತಾರೆ, ಮ್ಯಾಪು ತೆರೆಯುವುದೇ ಇಲ್ಲ. ಎರಡೂ ಒಂದೇ ಸಿಮ್ಮಿನಲ್ಲಿದ್ದು ಕಾಲು ವೋಲ್ಟಿಯಲ್ಲಿ, ಅಂದರೆ 4ಜಿ ನೆಟ್‌ವರ್ಕಿನ ಮೇಲೆಯೇ, ಹೋಗುತ್ತಿದ್ದರೆ ಮಾತೂ ಮ್ಯಾಪೂ ಒಟ್ಟಿಗೆ ನಡೆಯುತ್ತವೆ.

ನಿಮ್ಮ ಫೋನು ಹೇಗೆ ಅಂತ ತಿಳಿಯುವುದು ಸುಲಭ. ವೈಫೈ ಆಫ್ ಮಾಡಿ, ಡೇಟಾ ಇಲ್ಲದ ಸಿಮ್ಮಿನಿಂದ ಮನೆಯವರಿಗೆ ಕಾಲ್ ಮಾಡಿ, ಮಾತಿನ ಮಧ್ಯೆ ಹಿಂದೆ ನೋಡಿರದ ಯಾವುದಾದರೂ ಪುಟ ತೆರೆಯಿರಿ. ಸುಮ್ಮನೆ ಸುತ್ತುತ್ತಿದ್ದು, ಕಾಲ್ ಇಟ್ಟ ಕೂಡಲೇ ತೆರೆದುಕೊಂಡರೆ ನಿಮ್ಮದೂ ಇದೇ ಜಾತಿ. ಒಂದೇ ಸಿಮ್ಮಿನಲ್ಲಿ ಎರಡೂ ಇದ್ದು ಹೀಗಾದರೆ ವೋಲ್ಟಿ ಆಫ್ ಆಗಿರಬಹುದು, ಇಲ್ಲವೇ ಆ ಜಾಗದಲ್ಲಿ 4ಜಿ ಸಿಗದೆ ಕಾಲು 2ಜಿಗೆ ಇಳಿದಿರಬಹುದು. ಆಗ ಮೇಲಿನ ಪಟ್ಟಿಯಲ್ಲಿ VoLTE ಗುರುತು ಕಾಣುವುದಿಲ್ಲ. ವೋಲ್ಟಿಗೆ ಡೇಟಾ ಆನ್ ಇರಲೇಬೇಕು ಅಂತ ನಂಬಿದವರೂ ಇದ್ದಾರೆ. ಬೇಕಿಲ್ಲ, ಡೇಟಾ ಆಫ್ ಮಾಡಿದರೂ ಕಾಲ್ ಹೋಗುತ್ತದೆ, ಪ್ಯಾಕಿನಿಂದ ಅದಕ್ಕೆ ಏನೂ ಕಡಿತವಾಗುವುದಿಲ್ಲ.

ಇದೇ ಪುಟದಲ್ಲಿ ಡೇಟಾವನ್ನು ತಾನೇ ಬದಲಾಯಿಸುವ ಸ್ವಿಚ್ಚೊಂದು ಇರುತ್ತದೆ, ಸ್ಯಾಮ್‌ಸಂಗ್‌ನಲ್ಲಿ Auto data switching ಅನ್ನುತ್ತಾರೆ. ಒಂದು ಸಿಮ್ಮಿನ ಸಿಗ್ನಲ್ ಹೋದರೆ ಇನ್ನೊಂದರ ಡೇಟಾಕ್ಕೆ ಹಾರುತ್ತದೆ. ಎರಡರಲ್ಲೂ ಪ್ಯಾಕ್ ಇದ್ದವರಿಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಜಕ್ಕೂ ಉಪಯೋಗ. ನನ್ನ ಮನೆ ಸಿಮ್ಮಿನಲ್ಲಿ ಡೇಟಾ ಪ್ಯಾಕೇ ಇಲ್ಲ, ಆದ್ದರಿಂದ ಆಫ್ ಮಾಡಿಟ್ಟಿದ್ದೇನೆ. ಇಲ್ಲದಿದ್ದರೆ ಸಿಗ್ನಲ್ ಕಡ್ಡಿ ತುಂಬ ಇದ್ದರೂ ನೆಟ್ ಬರುವುದಿಲ್ಲ, ಯಾಕೆ ಅಂತಲೂ ಫೋನು ಹೇಳುವುದಿಲ್ಲ.

ಮೆಸೇಜಿಗೆ ಮಾತ್ರ ಮನೆ ಸಿಮ್. ಈಗ ಎಸ್‌ಎಂಎಸ್ ಯಾರು ಕಳಿಸುತ್ತಾರೆ ಅನ್ನಬಹುದು; ನಾವಲ್ಲ, ಯುಪಿಐ ಆ್ಯಪ್ ಕಳಿಸುತ್ತದೆ. ಹೊಸ ಫೋನಿನಲ್ಲಿ ಆ್ಯಪ್ ಹಾಕಿದಾಗ ಅದು ಫೋನಿನಿಂದ ಒಂದು ಎಸ್‌ಎಂಎಸ್ ತಾನೇ ಕಳಿಸಿ, ಅದು ಯಾವ ನಂಬರಿನಿಂದ ಬಂತು ಅಂತ ನೋಡಿ, ಆ ನಂಬರಿಗೆ ಸೇರಿದ ಖಾತೆ ಹುಡುಕುತ್ತದೆ. ಅದು ಬ್ಯಾಂಕಿನಲ್ಲಿ ಕೊಟ್ಟ ನಂಬರಿನಿಂದಲೇ ಹೋಗಬೇಕು. ನಮ್ಮ ಅಕ್ಕ ಹೊಸ ಫೋನು ತಂದಾಗ ಇದೇ ಪಜೀತಿ.

‘ನನ್ನ ಅಕೌಂಟೇ ಇಲ್ಲ ಅಂತ ತೋರಿಸ್ತಿದೆ ಕಣೋ, ದುಡ್ಡೇನಾದ್ರೂ ಹೋಯ್ತಾ?’ ಅಂತ ಗಾಬರಿಯಲ್ಲಿ ಫೋನು ಹಿಡಿದುಕೊಂಡೇ ಅಂಗಡಿಗೆ ಬಂದರು.

‘ದುಡ್ಡು ಎಲ್ಲೂ ಹೋಗಿಲ್ಲ ಅಕ್ಕ, ಕೊಡಿಲ್ಲಿ’ ಅಂದೆ. ಮೆಸೇಜ್ ಆ್ಯಪ್ ತೆರೆದು ನೋಡಿದರೆ, ಅರ್ಥವಿಲ್ಲದ ಉದ್ದ ಅಕ್ಷರಗಳ ಒಂದು ಸಂದೇಶ ಹೋಗಿತ್ತು, ಅದರ ಪಕ್ಕ 2 ಅನ್ನುವ ಸಿಮ್ ಗುರುತು. ಬ್ಯಾಂಕಿನ ನಂಬರು ಇದ್ದದ್ದು ಒಂದರಲ್ಲಿ. ಮೆಸೇಜಿನ ಆಯ್ಕೆಯನ್ನು ಒಂದಕ್ಕೆ ಬದಲಾಯಿಸಿ, ಆ್ಯಪಿನಲ್ಲಿ ಸಿಮ್ ಕೇಳಿದಾಗಲೂ ಒಂದನ್ನೇ ಒತ್ತಿ ಮತ್ತೆ ಶುರುಮಾಡಿದೆ. ಖಾತೆ ಬಂತು. ಸರಿಯಾದ ಸಿಮ್ ಆರಿಸಿದರೂ ಆಗದಿದ್ದರೆ ಆ ಸಿಮ್ಮಿನ ರೀಚಾರ್ಜ್ ನೋಡಿ. ಅವಧಿ ಮುಗಿದಿದ್ದರೆ ಒಳಬರುವ ಮೆಸೇಜ್ ಇನ್ನೂ ಕೆಲವು ದಿನ ಬರುತ್ತಿದ್ದರೂ ಹೊರಗೆ ಹೋಗುವುದಿಲ್ಲ. ಮೆಸೇಜಿಗೆ ‘ಪ್ರತಿ ಸಲ ಕೇಳು’ ಇಡುವುದು ನನಗೆ ಸರಿ ಕಾಣುವುದಿಲ್ಲ. ಆ್ಯಪ್ ತೆರೆಮರೆಯಲ್ಲಿ ಕಳಿಸುವಾಗ ಯಾರನ್ನು ಕೇಳಬೇಕು?

ಈಗ ಸೆಟ್ಟಿಂಗಿನ ಆ ಪುಟದಲ್ಲಿ ಇಲ್ಲದ, ಆದರೆ ವ್ಯಾಪಾರಕ್ಕೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವ ಸಂಗತಿ. ಮಲ್ಲೇಶ್ವರದ ಒಬ್ಬ ಹಳೆಯ ಗಿರಾಕಿ, ವಯಸ್ಸಾದ ಅಮ್ಮ, ಸಿಕ್ಕಾಗಲೆಲ್ಲ ಹೇಳುತ್ತಿದ್ದರು: ‘ಏನಪ್ಪಾ, ನಿನ್ನ ಫೋನು ಯಾವಾಗ ಮಾಡಿದ್ರೂ ಸ್ವಿಚ್ ಆಫ್ ಅನ್ನುತ್ತೆ.’ ಫೋನು ಆಫ್ ಆಗಿರುತ್ತಿರಲಿಲ್ಲ. ನಾನು ಮನೆ ಸಿಮ್ಮಿನಲ್ಲಿ ಮಾತಾಡುತ್ತಿದ್ದಾಗ ಅವರು ಅಂಗಡಿ ನಂಬರಿಗೆ ಮಾಡುತ್ತಿದ್ದರು. ಒಂದು ಸಿಮ್ ಮಾತಿನಲ್ಲಿದ್ದಾಗ ಇನ್ನೊಂದಕ್ಕೆ ಕರೆದವರಿಗೆ ಎಂಗೇಜ್ ಬರುವುದಿಲ್ಲ, ಸ್ವಿಚ್ ಆಫ್ ಅಥವಾ ಸಂಪರ್ಕಕ್ಕೆ ಸಿಗುತ್ತಿಲ್ಲ ಅಂತ ಬರುತ್ತದೆ. ನಮ್ಮ ಫೋನಿನಲ್ಲಿ ಮಿಸ್ಡ್ ಕಾಲೂ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಒಟಿಪಿಯೂ ತಡವಾಗುತ್ತದೆ; ಮಾತು ಮುಗಿಸಿ ಕಾಲ್ ಇಟ್ಟರೆ ಬಂದು ಬೀಳುತ್ತದೆ.

ಇದಕ್ಕೆ ನಾನು ಮಾಡಿಕೊಂಡದ್ದು ಷರತ್ತಿನ ಕಾಲ್ ಫಾರ್ವರ್ಡ್. ಅಂಗಡಿ ನಂಬರ್ ಸಿಗದಿದ್ದಾಗ ಮಾತ್ರ ಮನೆ ನಂಬರಿಗೆ ಹೋಗಲಿ ಅಂತ. ಫೋನ್ ಆ್ಯಪಿನ ಸೆಟ್ಟಿಂಗಿನಲ್ಲಿ ಅಂಗಡಿ ಸಿಮ್ ಆರಿಸಿ, Call forwarding ಒಳಗೆ When unreachable ಅನ್ನುವಲ್ಲಿ ಮನೆ ನಂಬರ್ ಹಾಕಿದೆ. ಮನೆ ಸಿಮ್ಮಿನಲ್ಲಿ Call waiting ಆನ್ ಮಾಡಿದೆ. ಈಗ ಮನೆ ಸಿಮ್ಮಿನಲ್ಲಿ ಅಕ್ಕನ ಜತೆ ಮಾತಾಡುವಾಗ ಅಂಗಡಿ ನಂಬರಿಗೆ ಯಾರು ಮಾಡಿದರೂ ಕಿವಿಯಲ್ಲಿ ಬೀಪ್ ಕೇಳುತ್ತದೆ, ನಂಬರ್ ಕಾಣುತ್ತದೆ. ಹಾಗೆ ತಿರುಗಿಸಿದ ಕಾಲು ಅಂಗಡಿ ಸಿಮ್ಮಿನ ಹೊರಹೋಗುವ ಕರೆಯ ಲೆಕ್ಕಕ್ಕೆ ಬರುತ್ತದೆ, ನಿಮ್ಮ ಪ್ಲಾನಿನಲ್ಲಿ ಅದು ಸೇರಿದೆಯೇ ಕೇಳಿಕೊಳ್ಳಿ. ಈಗ ಏನು ಜಾರಿಯಲ್ಲಿದೆ ಅಂತ ನೋಡಲು ಮತ್ತು ತೆಗೆಯಲು ಮೊಬೈಲ್ ನೆಟ್‌ವರ್ಕಿನ ಈ ಸಂಕೇತಗಳಿವೆ, ಅದೇ ಸಿಮ್ಮಿನಿಂದ ಡಯಲ್ ಮಾಡಬೇಕು:

```
*#62#    (ನೋಡಲು)
##62#    (ತೆಗೆಯಲು)
```

ಫಾರ್ವರ್ಡ್ ವಿಷಯದಲ್ಲಿ ಒಂದು ಎಚ್ಚರ. ಕೊರಿಯರ್‌ನವರು, ಬ್ಯಾಂಕಿನವರು ಅಂತ ಹೇಳಿಕೊಂಡು ಯಾರಾದರೂ ಕರೆಮಾಡಿ, ನಕ್ಷತ್ರದ ಗುರುತಿನಿಂದ ಶುರುವಾಗುವ ಸಂಖ್ಯೆ ಒತ್ತಿ ಅಂದರೆ ಒತ್ತಬೇಡಿ. ಇದೇ ಸೌಲಭ್ಯದಿಂದ ನಿಮ್ಮ ಕಾಲುಗಳು ಅವರಿಗೆ ಹೋಗುವಂತೆ ಮಾಡುತ್ತಾರೆ.

ಇಷ್ಟಾದ ಮೇಲೆ ಮನೆ ಸಿಮ್ಮಿಗೆ ಉಳಿದದ್ದು ಮಾತು ಮತ್ತು ಎಸ್‌ಎಂಎಸ್ ಮಾತ್ರ. ಡೇಟಾ ಬೇಡದವರಿಗೆ ಬರೀ ಕಾಲ್ ಮತ್ತು ಎಸ್‌ಎಂಎಸ್ ಇರುವ ವೋಚರ್ ಕೊಡಬೇಕು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು, ಅಂಥ ವೋಚರಿನ ಅವಧಿ 365 ದಿನಗಳವರೆಗೂ ಇರಬಹುದು ಅಂತಲೂ ಹೇಳಿತು. ರೀಚಾರ್ಜ್ ಆ್ಯಪಿನಲ್ಲಿ ಅವು ಮೊದಲ ಪುಟದಲ್ಲಿ ಕಾಣುವುದು ಅಪರೂಪ. ಕೆಳಗಿನವರೆಗೂ ಎಳೆದು ನೋಡಬೇಕು. ನಾನು ವರ್ಷದ್ದನ್ನೇ ಹಾಕಿಸಿಕೊಂಡೆ.