ಬೆಲ್ಟ್ ನಿಂತಾಗ ಚ್ಯೂಟಿನಲ್ಲಿ ಒಂದು ಟನ್ ಕಲ್ಲು: ಸೈಟಿಗೆ ಹೋಗೋ ಮೊದಲೇ ಸಿಕ್ಕ ತೊಂದರೆ

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರಗಳನ್ನು ನಡೆಸುವ ಕಂಟ್ರೋಲರ್, ಅಂದರೆ ಹಳೆಯ ಪಿಎಲ್‌ಸಿ ತೆಗೆದು ಹೊಸದನ್ನು ಹಾಕುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಕ್ರಷರ್‌ನಿಂದ ಸುಣ್ಣದ ಕಲ್ಲು ಸಾಗಿಸುವ ಬೆಲ್ಟ್‌ಗಳ ಸಾಲು ಅದು. ಕಿಲ್ನ್ ಶಟ್‌ಡೌನ್ ಮುಗಿಯುವಷ್ಟರಲ್ಲಿ ಬೆಲ್ಟ್ ಓಡಲೇಬೇಕು. ಹಾಗಾಗಿ ಲಾಜಿಕ್ಕನ್ನು ಕಲಬುರಗಿಯ ನಮ್ಮ ಆಫೀಸಿನಲ್ಲೇ, ಲ್ಯಾಪ್‌ಟಾಪಿನ ಸಿಮ್ಯುಲೇಟರ್ ಮೇಲೆ ಓಡಿಸಿ ನೋಡಿದೆ.

ಸಾಮಾನ್ಯವಾಗಿ ಈ ಪರೀಕ್ಷೆ ಹೇಗೆ ನಡೆಯುತ್ತದೆ ಅಂದರೆ, ಮೋಟಾರಿಗೆ ಆಜ್ಞೆ ಹೋಯ್ತು, ಎರಡು ಸೆಕೆಂಡಿಗೆ ರನ್ ಫೀಡ್‌ಬ್ಯಾಕ್ ಬಂತು, ತುರ್ತಿಗೆ ಬೆಲ್ಟ್ ನಿಲ್ಲಿಸುವ ಪುಲ್ ಕಾರ್ಡ್ ಎಳೆದರೆ ಟ್ರಿಪ್ ಆಯ್ತು. ಮುಗೀತು. ಇದರಿಂದ ವೈರಿಂಗ್ ಪಟ್ಟಿ ಸರಿಯಿದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಬೆಲ್ಟಿಗೆ ತೂಕ ಇದೆ, ಕರೆಂಟ್ ಹೋದರೂ ಅದು ಉರುಳುತ್ತಲೇ ಇರುತ್ತದೆ ಅನ್ನೋದು ಈ ಪರೀಕ್ಷೆಗೆ ಗೊತ್ತೇ ಇಲ್ಲ.

ನಾನು ಅದನ್ನೇ ಸಿಮ್ಯುಲೇಟರಿನಲ್ಲಿ ಬೆಲ್ಟಿನ ಹಾಗೆ ವರ್ತಿಸುವ ಮಾದರಿಗೆ ಸೇರಿಸಿದೆ. ಹಳೆಯ ಬೆಲ್ಟ್ ಇನ್ನೂ ಓಡುತ್ತಿದ್ದಾಗಲೇ ಹೋಗಿ ಸ್ಟಾಪ್‌ವಾಚ್ ಹಿಡಿದು ಅಳೆದಿದ್ದೆವು. ಸಮತಟ್ಟಾದ ಉದ್ದನೆಯ ಬಿ-1 ಪೂರ್ತಿ ನಿಲ್ಲಲು 18 ಸೆಕೆಂಡ್. ಅದರಿಂದ ಕಲ್ಲು ಪಡೆದು ಮೇಲಕ್ಕೆ ಹತ್ತುವ ಬಿ-2 ಲೋಡ್ ಇದ್ದಾಗ ಆರೇ ಸೆಕೆಂಡಿಗೆ ನಿಲ್ಲುತ್ತದೆ. ಏರು ಇದೆ, ಕಲ್ಲಿನ ಭಾರವೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಎರಡರ ವೇಗವೂ ಸೆಕೆಂಡಿಗೆ 2 ಮೀಟರ್. ಗಂಟೆಗೆ 600 ಟನ್ ಅಂದರೆ ಬೆಲ್ಟಿನ ಪ್ರತಿ ಮೀಟರಿನಲ್ಲಿ ಸುಮಾರು 83 ಕೆ.ಜಿ. ಕಲ್ಲು. ಮಾದರಿಯ ಮುಖ್ಯ ಭಾಗ ಇಷ್ಟೇ:

```
IF RunB1 THEN v1 := MIN(v1 + 0.2*dt, 2.0);
ELSE v1 := MAX(v1 - 0.111*dt, 0.0); END_IF;
IF RunB2 THEN v2 := MIN(v2 + 0.2*dt, 2.0);
ELSE v2 := MAX(v2 - 0.333*dt, 0.0); END_IF;
Heap := MAX(Heap + 83.0*(v1 - v2)*dt, 0.0);
JamSw := Heap > 600.0;
```

`Heap` ಅಂದರೆ ಎರಡು ಬೆಲ್ಟ್ ಸೇರುವ ಚ್ಯೂಟಿನಲ್ಲಿ ನಿಂತ ಕಲ್ಲು, ಕೆ.ಜಿ. ಲೆಕ್ಕದಲ್ಲಿ. ಚ್ಯೂಟಿನ ಅಳತೆ ನೋಡಿದಾಗ 600 ಕೆ.ಜಿ. ಹತ್ತಿರ ರಾಶಿ ಜಾಮ್ ಸ್ವಿಚ್ಚನ್ನು ಮುಟ್ಟುತ್ತಿತ್ತು. ಈ ಬ್ಲಾಕ್ 100 ಮಿಲಿಸೆಕೆಂಡಿಗೊಮ್ಮೆ ಓಡುತ್ತದೆ, ಅಂದರೆ `dt` 0.1 ಸೆಕೆಂಡ್.

ನಂತರ ಕರೆಂಟ್ ಹೋದ ಹಾಗೆ ಮಾಡಿದೆ. ಬೇಸಿಗೆಯ ಗಾಳಿ-ಮಳೆಗೆ ನಮ್ಮ ಕಡೆ ಇದು ಹೊಸದೇನಲ್ಲ ಅಲ್ವಾ. ಎರಡೂ ಬೆಲ್ಟ್ ಒಟ್ಟಿಗೇ ಟ್ರಿಪ್ ಆದವು. ಲಾಜಿಕ್ ಪ್ರಕಾರ ಎಲ್ಲಾ ಸರಿ. ಆದರೆ ನಿಲ್ಲುವ ಹೊತ್ತಿಗೆ ಬಿ-1 ಇನ್ನೂ 18 ಮೀಟರ್ ಉರುಳುತ್ತದೆ, ಬಿ-2 ಬರೀ 6 ಮೀಟರ್. ಉಳಿದ 12 ಮೀಟರಿನ ಕಲ್ಲು, ಹತ್ತಿರ ಹತ್ತಿರ ಒಂದು ಟನ್, ಚ್ಯೂಟಿನಲ್ಲೇ ಕೂತಿತು. ಒಂಬತ್ತನೇ ಸೆಕೆಂಡಿನ ಸುಮಾರಿಗೆ ಜಾಮ್ ಸ್ವಿಚ್ ಬಿತ್ತು.

ಕರೆಂಟ್ ಬಂದ ಮೇಲೆ ಸ್ಟಾರ್ಟ್ ಕೊಟ್ಟರೆ ಏನೂ ಅಲುಗಾಡಲಿಲ್ಲ. ಹಳೆಯ ಲಾಜಿಕ್ಕಿನಿಂದ ಹಾಗೇ ಎತ್ತಿಕೊಂಡಿದ್ದ ಇಂಟರ್‌ಲಾಕಿನಲ್ಲಿ ಜಾಮ್ ಸ್ವಿಚ್ ಬಿ-1ನ್ನೂ ತಡೆಯುತ್ತಿತ್ತು, ಬಿ-2ನ್ನೂ ತಡೆಯುತ್ತಿತ್ತು. ಬಿ-2 ಓಡದೆ ರಾಶಿ ಕರಗೋದಿಲ್ಲ, ರಾಶಿ ಕರಗದೆ ಬಿ-2 ಓಡೋದಿಲ್ಲ. ಕಂಟ್ರೋಲ್ ರೂಮಿನ ಹಳೆಯ ಆಪರೇಟರಿಗೆ ಫೋನ್ ಮಾಡಿ ಕೇಳಿದರೆ ಅವರು ನಕ್ಕರು. “ಅದು ಯಾವಾಗ್ಲೂ ಹಂಗೇರಿ ಸರ್. ಸಲಿಕಿ ಹಿಡ್ಕೊಂಡು ನಾಕ್ ಮಂದಿ ಇಳಿತಾರ್ರಿ. ಅರ್ಜೆಂಟ್ ಇದ್ರ ಸ್ವಿಚ್ಚಿಗಿ ಜಂಪರ್ ಹಾಕ್ತೀವ್ರಿ.” ಜಂಪರ್ ಹಾಕಿದ್ದು ತೆಗೆಯೋದು ಮರೆತರೆ ಆ ಸ್ವಿಚ್ ಇದ್ದೂ ಇಲ್ಲದ ಹಾಗೆ.

ಲಾಜಿಕ್ ಬದಲಿಸಿದೆ. ಜಾಮ್ ಸ್ವಿಚ್ ಈಗ ಕಲ್ಲು ತರುವ ಬಿ-1ನ್ನು ಮಾತ್ರ ನಿಲ್ಲಿಸುತ್ತದೆ. ಬಿ-2 ಮೊದಲು ಓಡಿ ರಾಶಿ ಎಳೆಯುತ್ತದೆ. ಸ್ವಿಚ್ ಬಿಟ್ಟು 10 ಸೆಕೆಂಡ್ ಕಳೆದ ಮೇಲೆ ಬಿ-1ಗೆ ಅನುಮತಿ. ಬಿ-2 ಓಡಿ 30 ಸೆಕೆಂಡ್ ಆದರೂ ಸ್ವಿಚ್ ಬಿಡದಿದ್ದರೆ ನಿಜವಾಗಿಯೂ ಕಲ್ಲು ಸಿಕ್ಕಿಕೊಂಡಿದೆ ಅಂತ ಬಿ-2 ಕೂಡ ನಿಂತು ಅಲಾರಂ ಕೊಡುತ್ತದೆ. ಮಾದರಿಯಲ್ಲಿ ಸುಮಾರು ಏಳು ಸೆಕೆಂಡಿಗೇ ಸ್ವಿಚ್ ಬಿಟ್ಟಿತು. ಆಮೇಲೆ ಸ್ವಿಚ್ ಬಿಡದ ಹಾಗೆ ಬಲವಂತವಾಗಿ ಹಿಡಿದಿಟ್ಟು 30 ಸೆಕೆಂಡಿನ ಟ್ರಿಪ್ಪನ್ನೂ ನೋಡಿದೆ.

ರಾಶಿ ಬೀಳೋದನ್ನು ಮಾತ್ರ ಲಾಜಿಕ್ ತಪ್ಪಿಸಲಾರದು. ಅದಕ್ಕೆ ಬಿ-1ಗೆ ಬ್ರೇಕ್ ಬೇಕು, ಇಲ್ಲಾ ಚ್ಯೂಟ್ ದೊಡ್ಡದಾಗಬೇಕು. ಲೆಕ್ಕ ಬರೆದು ಮೆಕ್ಯಾನಿಕಲ್‌ನವರ ಕೈಗೆ ಕೊಟ್ಟೆ.

ಇನ್ನೊಂದು ಎಚ್ಚರಿಕೆ. ಲಾಜಿಕ್ ನೇರವಾಗಿ ಇನ್‌ಪುಟ್ ಓದದೆ ನಡುವಿನ ಒಂದು ಪ್ರತಿಯನ್ನು ಓದುವ ಹಾಗೆ ಮಾಡಿದ್ದೆ. ಆಫೀಸಿನಲ್ಲಿ ಆ ಪ್ರತಿಯನ್ನು ಮಾದರಿ ತುಂಬುತ್ತದೆ, ಸೈಟಿನಲ್ಲಿ ನಿಜವಾದ ಇನ್‌ಪುಟ್. ಸುಮ್ನೆ ಒಂದು ಬಿಟ್ ಆಫ್ ಮಾಡಿ ಮಾದರಿಯನ್ನು ಒಳಗೇ ಬಿಡಬಾರದು. ಯಾರೋ ಆ ಬಿಟ್ ಆನ್ ಮಾಡಿದರೆ ಪುಲ್ ಕಾರ್ಡ್ ಎಳೆದರೂ ಪಿಎಲ್‌ಸಿಗೆ ಕಾಣೋದಿಲ್ಲ. ಬ್ಲಾಕನ್ನೇ ಅಳಿಸಿ, ಕಂಪೈಲ್ ಮಾಡಿ, ಆಮೇಲೆ ಡೌನ್‌ಲೋಡ್ ಮಾಡಿದೆ.

ರಾಶಿ ಹೊತ್ತುಕೊಂಡು ಬಿ-2 ಮೋಟಾರ್ ಎದ್ದೇಳುತ್ತದಾ ಅನ್ನೋದು ಮಾದರಿಯಲ್ಲಿ ಇರಲೇ ಇಲ್ಲ, ಯಾಕಂದರೆ ಅಲ್ಲಿ ಟಾರ್ಕ್ ಲೆಕ್ಕ ಹಾಕಿರಲಿಲ್ಲ. ಅದನ್ನು ಸೈಟಿನಲ್ಲೇ ನೋಡಬೇಕಾಯಿತು. ಮೊದಲು ಖಾಲಿ ಬೆಲ್ಟ್, ನಂತರ ಅರ್ಧ ಲೋಡ್, ಕೊನೆಗೆ ಪೂರ್ತಿ ಲೋಡಿನಲ್ಲಿ ಟ್ರಿಪ್ ಮಾಡಿ, ಎಲೆಕ್ಟ್ರಿಷಿಯನ್ ಆಂಪಿಯರ್ ನೋಡುತ್ತಾ ನಿಂತಾಗ ಬಿ-2 ಸ್ಟಾರ್ಟ್ ಕೊಟ್ಟೆವು. ಎದ್ದಿತು. ರಾಶಿ ಮಾತ್ರ ಲೆಕ್ಕಕ್ಕಿಂತ ಕಡಿಮೆ ಇತ್ತು. ಬಿ-2 ನಿಧಾನ ಆದಾಗ ಅದರ ಮೇಲೆ ಮೀಟರಿಗೆ 83 ಕೆ.ಜಿ.ಗಿಂತ ಜಾಸ್ತಿ ಕಲ್ಲು ಕೂರುತ್ತಿತ್ತು.